ಬಲ ಒಂದೇ, ಗುಣಾಕಾರ ಎರಡು ಯಾಕೆ?

ಪ್ರಶ್ನೆ: ಕೆಲಸ ಕಂಡುಹಿಡಿಯಲು ಬಲವನ್ನು ದೂರದಿಂದ ಗುಣಿಸುತ್ತೇವೆ, ಟಾರ್ಕ್‌ಗೂ ಹಾಗೇ ಮಾಡುತ್ತೇವೆ. ಎರಡರ ಮಾನವೂ ನ್ಯೂಟನ್-ಮೀಟರ್. ಹಾಗಿದ್ದರೆ ಒಂದರಲ್ಲಿ cos, ಇನ್ನೊಂದರಲ್ಲಿ sin ಯಾಕೆ ಬರುತ್ತದೆ? ಎಲ್ಲಿ ಡಾಟ್, ಎಲ್ಲಿ ಕ್ರಾಸ್ ಅಂತ ಬಾಯಿಪಾಠ ಮಾಡದೆ ತಿಳಿಯುವುದು ಹೇಗೆ?

ಉತ್ತರ: ಗೊಂದಲ ಹುಟ್ಟುವುದು "ದೂರ" ಅನ್ನುವ ಮಾತಿನಲ್ಲಿ. ಕೆಲಸದ ಲೆಕ್ಕದಲ್ಲಿ ಬರುವ ದೂರ ಅಂದರೆ ಬಲ ಬಿದ್ದ ಬಿಂದು ಎಷ್ಟು ಸರಿಯಿತು, ಯಾವ ಕಡೆಗೆ ಸರಿಯಿತು ಅನ್ನುವುದು. ಅದನ್ನು d ಅನ್ನೋಣ. ಟಾರ್ಕ್‌ನ ಲೆಕ್ಕದಲ್ಲಿ ಬರುವುದು ತಿರುಗುವ ಕೇಂದ್ರದಿಂದ ಬಲ ಬಿದ್ದ ಬಿಂದುವಿನವರೆಗಿನ ವೆಕ್ಟರ್. ಅದು r. ಅಲ್ಲಿ ಏನೂ ಸರಿಯಬೇಕಾಗಿಲ್ಲ.

ಡಾಟ್ ಪ್ರಾಡಕ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಲದಲ್ಲಿ ಇನ್ನೊಂದು ವೆಕ್ಟರಿನ ಉದ್ದಕ್ಕೆ ಇರುವ ಪಾಲನ್ನು. ಕ್ರಾಸ್ ಪ್ರಾಡಕ್ಟ್ ತೆಗೆದುಕೊಳ್ಳುವುದು ಅದಕ್ಕೆ ಅಡ್ಡಲಾಗಿರುವ ಪಾಲನ್ನು. cos ಮತ್ತು sin ಹುಟ್ಟುವುದು ಇಲ್ಲಿಂದಲೇ. ಇದನ್ನು ಒಂದೇ ಉದಾಹರಣೆಯಲ್ಲಿ ಕೊನೆಯವರೆಗೂ ನೋಡೋಣ.

ಬಿಗಿಯಾಗಿ ಕೂತಿರುವ ಒಂದು ಬೋಲ್ಟನ್ನು ಸ್ಪ್ಯಾನರಿನಿಂದ ಬಿಚ್ಚುತ್ತಿದ್ದೀರಿ ಅಂದುಕೊಳ್ಳಿ. ಬೋಲ್ಟಿನ ತಲೆ ನಿಮ್ಮ ಕಡೆಗಿದೆ. ಅದರ ನಡುವೆ ಮೂಲಬಿಂದು ಇಡಿ. x ಬಲಕ್ಕೆ, y ಮೇಲಕ್ಕೆ, z ನಿಮ್ಮ ಕಡೆಗೆ. ಸ್ಪ್ಯಾನರಿನ ತುದಿಯಲ್ಲಿ ಕೈ ಇರುವ ಜಾಗ ಮತ್ತು ಕೈ ಹಾಕುವ ಬಲ ಹೀಗಿವೆ:

r = (0.20, 0.15, 0) ಮೀಟರ್
F = (−30, 60, 0) ನ್ಯೂಟನ್

r ನ ಉದ್ದ 0.25 ಮೀಟರ್. F ನ ಗಾತ್ರ ಸುಮಾರು 67 ನ್ಯೂಟನ್. ಈಗ ಎರಡೂ ಗುಣಾಕಾರಗಳನ್ನು ಮಾಡಿ ನೋಡೋಣ.

r · F = 0.20 × (−30) + 0.15 × 60 = 3

r × F ನ z ಭಾಗ = 0.20 × 60 − 0.15 × (−30) = 16.5

ಎರಡನ್ನೂ r ನ ಉದ್ದದಿಂದ, ಅಂದರೆ 0.25 ರಿಂದ ಭಾಗಿಸಿ. 12 ಮತ್ತು 66 ಬರುತ್ತವೆ. ನಿಮ್ಮ ಬಲದಲ್ಲಿ 12 ನ್ಯೂಟನ್ ಸ್ಪ್ಯಾನರಿನ ಉದ್ದಕ್ಕೆ ಹೊರಗಡೆ ಎಳೆಯುತ್ತಿದೆ, 66 ನ್ಯೂಟನ್ ಅದಕ್ಕೆ ಅಡ್ಡಲಾಗಿ ತಳ್ಳುತ್ತಿದೆ. ಲೆಕ್ಕ ಸರಿಯಾ ಅಂತ ಪೈಥಾಗೊರಸ್‌ನಿಂದ ನೋಡಬಹುದು: 12² + 66² = 4500, 30² + 60² ಕೂಡ 4500. ಬಲದ ಒಂದು ಚೂರೂ ಕಳೆದುಹೋಗಿಲ್ಲ. ಡಾಟ್ ಒಂದು ಪಾಲನ್ನು ತೆಗೆದುಕೊಂಡಿತು, ಕ್ರಾಸ್ ಉಳಿದ ಪಾಲನ್ನು ತೆಗೆದುಕೊಂಡಿತು, ಅಷ್ಟೇ.

ಉದ್ದಕ್ಕೆ ಎಳೆಯುವ 12 ನ್ಯೂಟನ್ ಬೋಲ್ಟನ್ನು ಎಳ್ಳಷ್ಟೂ ತಿರುಗಿಸುವುದಿಲ್ಲ. ತಿರುಗಿಸುವುದು 66 ನ್ಯೂಟನ್ ಮಾತ್ರ. ಅದಕ್ಕೇ ಟಾರ್ಕ್‌ಗೆ r × F ಬೇಕು. ಉತ್ತರ 16.5 ನ್ಯೂಟನ್-ಮೀಟರ್, ದಿಕ್ಕು +z, ಅಂದರೆ ನಿಮ್ಮ ಕಡೆಗೆ. ಬಲಗೈ ಬೆರಳುಗಳನ್ನು r ಇಂದ F ಕಡೆಗೆ ಮಡಚಿದರೆ ಹೆಬ್ಬೆರಳು ತೋರಿಸುವುದು ಇದೇ ದಿಕ್ಕನ್ನು. ಸಾಮಾನ್ಯ ಬೋಲ್ಟು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿ ಹೊರಬರುವುದೂ ಆ ಕಡೆಗೇ.

ಬೋಲ್ಟು ತುಕ್ಕು ಹಿಡಿದು ಅಲುಗಾಡುತ್ತಲೇ ಇಲ್ಲ ಅನ್ನಿ. ಆಗಲೂ ನೀವು ಹಾಕುತ್ತಿರುವ ಟಾರ್ಕ್ 16.5. ಆದರೆ ಬೋಲ್ಟಿನ ಮೇಲೆ ಆದ ಕೆಲಸ ಸೊನ್ನೆ, ಯಾಕಂದರೆ d ಸೊನ್ನೆ. ಎರಡರ ಮಾನ ಒಂದೇ ಥರ ಕಂಡರೂ ಅವು ಬೇರೆ ಸಂಗತಿಗಳು ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈಗ ಬೋಲ್ಟು ಸ್ವಲ್ಪ ಸಡಿಲವಾಯಿತು, 0.01 ರೇಡಿಯನ್ ತಿರುಗಿತು ಅಂದುಕೊಳ್ಳಿ. ಅದು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಕೈ ಎಷ್ಟು ಸರಿಯಿತು? ತಿರುಗುವ ವಸ್ತುವಿನ ಪ್ರತಿ ಬಿಂದುವೂ ತನ್ನ r ಗೆ ನೇರ ಅಡ್ಡಲಾಗಿ ಚಲಿಸುತ್ತದೆ. (0.20, 0.15) ಗೆ ಅಡ್ಡಲಾದ ದಿಕ್ಕು (−0.15, 0.20). ಅದನ್ನು 0.01 ರಿಂದ ಗುಣಿಸಿದರೆ d ಸಿಗುತ್ತದೆ:

d = (−0.0015, 0.0020, 0) ಮೀಟರ್

W = F · d = (−30)(−0.0015) + 60 × 0.0020 = 0.045 + 0.120 = 0.165 ಜೂಲ್

ಇನ್ನು ಟಾರ್ಕನ್ನು ತಿರುಗಿದ ಕೋನದಿಂದ ಗುಣಿಸಿ ನೋಡಿ: 16.5 × 0.01 = 0.165. ಅದೇ ಉತ್ತರ.

ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲಿದೆ. ಚಲನೆ r ಗೆ ಅಡ್ಡಲಾಗಿ ಆಗುವುದರಿಂದ, "r ಗೆ ಅಡ್ಡಲಾದ ಬಲ" ಮತ್ತು "ಚಲನೆಯ ಉದ್ದಕ್ಕಿರುವ ಬಲ" ಎರಡೂ ಒಂದೇ 66 ನ್ಯೂಟನ್. r ಇಂದ ಅಳೆದ ಕೋನದ sin, d ಇಂದ ಅಳೆದ ಕೋನದ cos ಆಗುತ್ತದೆ. ಎರಡು ಸೂತ್ರಗಳು ಒಂದಕ್ಕೊಂದು ವಿರುದ್ಧವಾಗಿಲ್ಲ, ಕೋನ ಅಳೆಯುವ ಗೆರೆ ಬದಲಾಗಿದೆ ಅಷ್ಟೇ. ಮಾನದ ಗುಟ್ಟೂ ಇದೇ. 16.5 ನ್ಯೂಟನ್-ಮೀಟರ್ ಟಾರ್ಕ್ ಅಂದರೆ ಪ್ರತಿ ರೇಡಿಯನ್‌ಗೆ 16.5 ಜೂಲ್ ಕೆಲಸ. ರೇಡಿಯನ್‌ಗೆ ಸ್ವಂತ ಮಾನ ಇಲ್ಲದಿರುವುದರಿಂದ ಅದು ಬರವಣಿಗೆಯಲ್ಲಿ ಕಾಣುವುದಿಲ್ಲ. ಆದರೂ ಟಾರ್ಕನ್ನು ಜೂಲ್‌ನಲ್ಲಿ ಬರೆಯಬೇಡಿ. ಓದುವವರಿಗೆ ಅದು ಶಕ್ತಿ ಅನ್ನಿಸುತ್ತದೆ.

ಚಿಕ್ಕ ತಿರುವಿಗೆ ಈ ಲೆಕ್ಕ ಸಲೀಸು. ಸ್ಪ್ಯಾನರನ್ನು ಕಾಲು ಸುತ್ತು ತಿರುಗಿಸಿದರೆ ಮಾತ್ರ ಹುಷಾರಾಗಿರಬೇಕು, ಬಹಳ ಜನ ತಪ್ಪುವುದು ಅಲ್ಲೇ. ಸ್ಪ್ಯಾನರಿನ ಜೊತೆಗೆ ಕೈಯೂ ತಿರುಗುತ್ತಾ, ಹಿಡಿಗೆ ಅದೇ ಕೋನದಲ್ಲಿ ಅಷ್ಟೇ ಬಲ ಹಾಕುತ್ತಾ ಹೋದರೆ, ಟಾರ್ಕ್ 16.5 ರಲ್ಲೇ ಇರುತ್ತದೆ. ಕೆಲಸ 16.5 × π/2, ಅಂದರೆ ಸುಮಾರು 25.9 ಜೂಲ್.

ಆದರೆ ಬಲ (−30, 60, 0) ಎಂದೇ ಒಂದೇ ದಿಕ್ಕಿಗೆ ನಿಂತಿದ್ದರೆ? ಕಾಲು ಸುತ್ತಿನ ನಂತರ ಕೈ (−0.15, 0.20, 0) ರಲ್ಲಿ ಇರುತ್ತದೆ. ಬಲ ಬದಲಾಗದಿದ್ದಾಗ ದಾರಿ ಬಾಗಿದ್ದರೂ ಪರವಾಗಿಲ್ಲ, ಮೊದಲ ಜಾಗದಿಂದ ಕೊನೆಯ ಜಾಗಕ್ಕೆ ಎಳೆದ ನೇರ d ಸಾಕು. ಅದು (−0.35, 0.05, 0). ಡಾಟ್ ಮಾಡಿದರೆ 10.5 + 3 = 13.5 ಜೂಲ್. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಅಲ್ವಾ? ಕಾರಣ ಟಾರ್ಕ್‌ನಲ್ಲಿದೆ. ಕೊನೆಯ ಜಾಗದಲ್ಲಿ ಟಾರ್ಕ್ ಲೆಕ್ಕ ಹಾಕಿ: (−0.15) × 60 − 0.20 × (−30) = −3. ತಿರುಗುತ್ತಾ ಹೋದಂತೆ ಟಾರ್ಕ್ ಇಳಿದು, ಸುಮಾರು 80 ಡಿಗ್ರಿಯ ಹತ್ತಿರ ಸೊನ್ನೆಯಾಗಿ, ಆಮೇಲೆ ಬಲವೇ ಬೋಲ್ಟನ್ನು ಹಿಂದಕ್ಕೆ ತಿರುಗಿಸಲು ಹೊರಟಿತು. ಹಾಗಾಗಿ W = τθ ಬರೆಯುವ ಮೊದಲು τ ದಾರಿಯುದ್ದಕ್ಕೂ ಒಂದೇ ಇದೆಯಾ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಚಿಕ್ಕ ಚಿಕ್ಕ ತಿರುವುಗಳಾಗಿ ಒಡೆದು ಕೂಡಿಸಬೇಕು, ಅಂದರೆ ಸಮಾಕಲನ ಮಾಡಬೇಕು.

ಕ್ರಾಸ್ ಪ್ರಾಡಕ್ಟ್‌ನಲ್ಲಿ ಕ್ರಮವೂ ಮುಖ್ಯ. F · d ಅಂದರೂ d · F ಅಂದರೂ ಒಂದೇ. F × r ಅಂದರೆ ಮಾತ್ರ −16.5 ಬರುತ್ತದೆ, ಬೋಲ್ಟು ಬಿಚ್ಚುವ ಬದಲು ಬಿಗಿಯಾದ ಹಾಗೆ. r ಅನ್ನು ಕೈಯಿಂದ ಬೋಲ್ಟಿನ ಕಡೆಗೆ ಎಳೆದರೂ ಇದೇ ತಪ್ಪು. ಕೇಂದ್ರದಿಂದ ಹೊರಟು ಬಲ ಬಿದ್ದ ಬಿಂದುವಿಗೆ ಬರಬೇಕು. ಕೋನ ಅಳೆಯುವಾಗ ಎರಡೂ ಬಾಣಗಳ ಬಾಲ ಒಂದೇ ಕಡೆ ಇಟ್ಟು ಅಳೆಯಿರಿ. ಒಂದರ ತಲೆ, ಇನ್ನೊಂದರ ಬಾಲ ಸೇರುವಲ್ಲಿ ಅಳೆದರೆ 180 ರಿಂದ ಕಳೆದ ಕೋನ ಸಿಗುತ್ತದೆ. sin ಗೆ ಅದು ಗೊತ್ತೇ ಆಗುವುದಿಲ್ಲ, cos ಮಾತ್ರ ಚಿಹ್ನೆ ಬದಲಿಸಿಬಿಡುತ್ತದೆ. ಟಾರ್ಕ್ ಸರಿ ಬಂದು ಕೆಲಸದ ಚಿಹ್ನೆ ತಿರುಗಿದ್ದರೆ ಮೊದಲು ಈ ಕೋನವನ್ನೇ ನೋಡಿ.

ಇಲ್ಲಿಯವರೆಗೆ ಎಲ್ಲವೂ ಒಂದೇ ಸಮತಲದಲ್ಲಿತ್ತು. ಅಂಥ ಲೆಕ್ಕಕ್ಕೆ ಕ್ರಾಸ್ ಪ್ರಾಡಕ್ಟ್ ಇಲ್ಲದೆ ಬರೀ sin ಇಟ್ಟುಕೊಂಡೂ ಕೆಲಸ ಮುಗಿಸಬಹುದು. ಅದರ ನಿಜವಾದ ಉಪಯೋಗ ಕಾಣುವುದು ಮೂರನೆಯ ದಿಕ್ಕು ಸೇರಿದಾಗ. ಸ್ಪ್ಯಾನರ್ ಜಾರದಿರಲಿ ಅಂತ ಕೈ ಅದನ್ನು ಬೋಲ್ಟಿನ ಕಡೆಗೆ 20 ನ್ಯೂಟನ್ ಒತ್ತುತ್ತಿದೆ ಅನ್ನಿ. ಈಗ F = (−30, 60, −20).

r × F ನ x ಭಾಗ = 0.15 × (−20) − 0 × 60 = −3
y ಭಾಗ = 0 × (−30) − 0.20 × (−20) = 4
z ಭಾಗ = 16.5

y ಭಾಗದಲ್ಲಿ ಕ್ರಮ z Fx − x Fz ಎಂದು ತಿರುಗುತ್ತದೆ. ಡಿಟರ್ಮಿನೆಂಟ್ ಬಿಡಿಸುವಾಗ ಚಿಹ್ನೆ ತಪ್ಪುವುದು ಜಾಸ್ತಿ ಇಲ್ಲೇ. ತಪ್ಪಿದೆಯಾ ಅಂತ ತಿಳಿಯಲು ಡಾಟ್ ಪ್ರಾಡಕ್ಟನ್ನೇ ಬಳಸಿಕೊಳ್ಳಬಹುದು. ಸರಿಯಾದ ಟಾರ್ಕ್ r ಗೂ F ಗೂ ಲಂಬವಾಗಿರಲೇಬೇಕು, ಹಾಗಾಗಿ ಎರಡರ ಜೊತೆಗೂ ಡಾಟ್ ಸೊನ್ನೆ ಬರಬೇಕು. (−3)(0.20) + 4(0.15) = 0. (−3)(−30) + 4 × 60 + 16.5 × (−20) = 90 + 240 − 330 = 0. ಸುಮ್ನೆ −4 ಅಂತ ಬರೆದು ನೋಡಿ, r ಜೊತೆಗಿನ ಡಾಟ್ −1.2 ಆಗಿ ತಪ್ಪು ಹೊರಬೀಳುತ್ತದೆ.

ಒತ್ತಿದ್ದರಿಂದ ಬೋಲ್ಟನ್ನು ಬಿಚ್ಚುವ ಟಾರ್ಕ್ ಜಾಸ್ತಿಯಾಗಲಿಲ್ಲ, ಅದು 16.5 ರಲ್ಲೇ ಇದೆ. ಹೊಸದಾಗಿ ಬಂದ −3 ಮತ್ತು 4 ಸೇರಿ 5 ನ್ಯೂಟನ್-ಮೀಟರ್. ಇದು ಬೋಲ್ಟನ್ನು ಪಕ್ಕಕ್ಕೆ ಬಾಗಿಸಲು ನೋಡುತ್ತದೆ. ಬೋಲ್ಟಿನ ಎಳೆಗಳು ಅದನ್ನು ತಡೆದುಕೊಳ್ಳಬೇಕು. ಕೆಲಸವೂ ಹೆಚ್ಚಲಿಲ್ಲ. ಅದೇ 0.01 ರೇಡಿಯನ್ ತಿರುವಿನಲ್ಲಿ d ಗೆ z ಭಾಗವೇ ಇಲ್ಲ, ಹಾಗಾಗಿ ಒತ್ತಿದ 20 ನ್ಯೂಟನ್ F · d ಗೆ ಏನೂ ಸೇರಿಸದೆ ಉತ್ತರ 0.165 ಜೂಲ್ ಆಗಿಯೇ ಉಳಿಯುತ್ತದೆ.