ಮೂರು ಸಲ ‘ಹೊಳೆಯುವ’ ಅಂತ ಬರೆದರೆ ಏನೂ ಹೊಳೆಯಲ್ಲ

“ಸರ್, ನಾನು ಬೀದರಿನವಳು. ಬಿದರಿ ಹೂಜಿ ಇಟ್ಟು ಕೊಡುವ ಗಿಫ್ಟ್ ಬಾಕ್ಸಿಗೆ ವಿಶುವಲ್ ವಿವರಣೆ ಬರೆದು ಕಳಿಸಿದ್ದೇನೆ. ತ್ರೀಡಿ ಚಿತ್ರ ಮಾಡುವ ಹುಡುಗನಿಗೆ ಇದನ್ನೇ ಕೊಟ್ಟಿದ್ದೆ. ಬಂದ ಚಿತ್ರದಲ್ಲಿ ಬೆಳ್ಳಿ ಬೂದಿ ಬಳಿದ ಹಾಗಿದೆ, ಉಳಿದದ್ದೆಲ್ಲ ಪ್ಲಾಸ್ಟಿಕ್ ಥರ ಕಾಣುತ್ತೆ. ನನ್ನ ಸಾಲು ಇದು: ‘ಕಪ್ಪು ಪೆಟ್ಟಿಗೆಯ ಮೇಲೆ ಹೊಳೆಯುವ ಬೆಳ್ಳಿ ಹೂಜಿ, ಸುತ್ತ ಉಬ್ಬಿ ಹೊಳೆಯುವ ಬಳ್ಳಿ, ಕೆಳಗೆ ಎಂಬಾಸ್ ಆಗಿ ಹೊಳೆಯುವ ಹೆಸರು, ಒಟ್ಟು ರಾಜವೈಭವದ ಐಷಾರಾಮಿ ನೋಟ.’ ತಪ್ಪು ನನ್ನದಾ, ಅವನದಾ? ಇದನ್ನ ನಿಮ್ಮ ಪತ್ರಿಕೆಗೆ ಹಾಕ್ತೀರಾ?”

ಹಾಕಲ್ಲ. ಈ ರೂಪದಲ್ಲಂತೂ ಇಲ್ಲ. ತಪ್ಪು ಮುಕ್ಕಾಲು ನಿಮ್ಮದೇ. ಹುಡುಗ ನೀವು ಹೇಳಿದ್ದನ್ನೇ ಮಾಡಿದ್ದಾನೆ, ಮೂರು ಕಡೆ ‘ಹೊಳೆಯುವ’ ಅಂದಿರಿ, ಮೂರು ಕಡೆಯೂ ಒಂದೇ ಹೊಳಪು ಹಾಕಿಟ್ಟ.

ಮೊದಲು ‘ರಾಜವೈಭವ’, ‘ಐಷಾರಾಮಿ’ ಎರಡನ್ನೂ ಹೊಡೆದು ಹಾಕಿ. ಅವು ನೋಡುವವರ ಬಾಯಿಂದ ಬರಬೇಕಾದ ಮಾತು. ಚಿತ್ರ ಮಾಡುವವನಿಗೆ ಅದರಿಂದ ಒಂದು ಗೆರೆಯೂ ಎಳೆಯಕ್ಕೆ ಬರಲ್ಲ.

ಈಗ ಒಂದು ಕೆಲಸ ಮಾಡಿ. ಮನೆಯಲ್ಲಿ ಹಳೇ ಲಗ್ನಪತ್ರಿಕೆ ಇದ್ದೇ ಇರುತ್ತೆ, ಬಂಗಾರದ ಗಣಪತಿ ಇರೋದು. ಅದನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನಕ್ಕೆ ವಾಲಿಸಿ. ಒಂದು ಕೋನದಲ್ಲಿ ಗಣಪತಿ ಬೆಳ್ಳಗೆ ಉರಿಯುತ್ತೆ. ಇನ್ನೊಂದು ಸ್ವಲ್ಪ ವಾಲಿಸಿದರೆ ಹಳದಿ. ಇನ್ನೂ ವಾಲಿಸಿದರೆ ಕಂದು, ಆಮೇಲೆ ಹೆಚ್ಚೂಕಡಿಮೆ ಕಪ್ಪು. ಯಾವುದರ ಬಣ್ಣವೂ ಬದಲಾಗಿಲ್ಲ, ಅಲ್ವಾ? ಆ ಬಂಗಾರ, ನಿಮ್ಮ ಹೂಜಿಯ ಬೆಳ್ಳಿ ಎರಡೂ ಫಾಯಿಲ್, ಫಾಯಿಲ್ ಅಂದರೆ ಕನ್ನಡಿ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಲ್ಯೂಮಿನಿಯಂ ಆವಿ ಕೂರಿಸಿರುತ್ತಾರೆ, ಬಿಸಿ ಡೈ, ಅಂದರೆ ಲೋಹದ ಅಚ್ಚು, ಒತ್ತಿದಾಗ ಆ ಲೋಹದ ಪದರ ಕಾರ್ಡಿಗೆ ಅಂಟಿಕೊಂಡು ಹಾಳೆ ಬಿಟ್ಟುಬರುತ್ತೆ. ಬಂಗಾರದ ಫಾಯಿಲ್ಲಿನಲ್ಲೂ ಇರೋದು ಅಲ್ಯೂಮಿನಿಯಮ್ಮೇ, ಮೇಲೊಂದು ಹಳದಿ ಲ್ಯಾಕರ್ ಇರುತ್ತೆ ಅಷ್ಟೇ. ಕನ್ನಡಿಗೆ ತನ್ನದು ಅಂತ ಬಣ್ಣ ಇಲ್ಲ, ಎದುರಿಗೆ ಏನಿದೆಯೋ ಅದನ್ನು ತೋರಿಸುತ್ತೆ. ಎದುರಿಗೆ ಏನಿದೆ ಅಂತ ನೀವು ಬರೆಯಲೇ ಇಲ್ಲ. ಎದುರಿಗೆ ಏನೂ ಇಲ್ಲದ ಖಾಲಿ ಕೋಣೆಯಲ್ಲಿ ಇಟ್ಟ ಕನ್ನಡಿ ಬೂದಿಯಾಗೇ ಕಾಣೋದು. ನಿಮ್ಮ ಬೆಳ್ಳಿ ಬೂದಿಯಾದ ಕಥೆ ಇಷ್ಟೇ.

ನಾನೂ ಇದೇ ಗುಂಡಿಗೆ ಬಿದ್ದವನೇ. ಸುಮಾರು ವರ್ಷದ ಹಿಂದೆ ಇಲ್ಲೇ ಕಲಬುರಗಿಯಲ್ಲಿ ಒಬ್ಬರ ತೊಗರಿಬೇಳೆ ಪೆಟ್ಟಿಗೆಗೆ ವಿವರಣೆ ಬರೆದುಕೊಟ್ಟೆ. ‘ಹೆಸರು ಬಂಗಾರದ ಬಣ್ಣದಲ್ಲಿ’ ಅಂತ ಬರೆದಿದ್ದೆ. ಪ್ರೆಸ್ಸಿನವರು ಬಂಗಾರದ ಬಣ್ಣವನ್ನೇ ಹಾಕಿದರು, ಅಂದರೆ ಹಳದಿ ಇಂಕು. ಮುದ್ರಣವಾಗಿ ಬಂದ ಮೇಲೆ ನೋಡಿದರೆ ಬೇಳೆ ಯಾವುದು, ಹೆಸರು ಯಾವುದು ಗೊತ್ತಾಗಲ್ಲ. ಜಗಳಕ್ಕೆ ಹೋದೆ. “ಸರ್, ಫಾಯಿಲ್ ಅಂತ ಎಲ್ಲಿ ಬರೆದೀರಿ ತೋರಸ್ರಿ” ಅಂದರು. ತೋರಿಸಲಿಕ್ಕೆ ಏನಿತ್ತು, ಸುಮ್ನೆ ಎದ್ದು ಬಂದೆ. ಅವತ್ತಿನಿಂದ ಬಣ್ಣ ಬೇರೆ, ವಸ್ತು ಬೇರೆ, ಬೆಳಕು ಬೇರೆ ಅಂತ ಮೂರನ್ನೂ ಬಿಡಿಸಿ ಬರೆಯುತ್ತೇನೆ.

ನಿಮ್ಮ ಹೂಜಿಗೇ ಬರೋಣ. ಬಿದರಿ ಕೆಲಸ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೀರು ತೆಗೆದು, ಅದರೊಳಗೆ ಬೆಳ್ಳಿ ಬಡಿದು ಕೂರಿಸಿ, ಉಜ್ಜಿ ಮಟ್ಟ ಮಾಡಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಪ್ಪು ಮಾಡ್ತಾರೆ. ಬೆಳ್ಳಿ ಕಪ್ಪಾಗಲ್ಲ, ಮೈ ಮಾತ್ರ ಕಪ್ಪಾಗುತ್ತೆ. ಅಂದರೆ ಸಾಮಾನ್ಯವಾಗಿ ಬಿದರಿಯಲ್ಲಿ ಬೆಳ್ಳಿ ಉಬ್ಬಿರಲ್ಲ. ಕಪ್ಪಿನ ಮಟ್ಟದಲ್ಲೇ ಮಲಗಿರುತ್ತೆ. ಫಾಯಿಲ್ಲೂ ಹಾಗೇ, ಡೈ ಒತ್ತಿದ್ದರಿಂದ ಕೂದಲೆಳೆಯಷ್ಟು ತಗ್ಗಾಗಿಯೇ ಇರುತ್ತೆ. ನಿಮ್ಮ ಪೆಟ್ಟಿಗೆಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ. ನಿಮ್ಮ ವಿವರಣೆಯಲ್ಲಿ ಈ ಮಾತೇ ಇಲ್ಲ! ‘ಕಾರ್ಡಿನ ಮಟ್ಟದಲ್ಲೇ, ಕೂರಿಸಿದ ಹಾಗೆ’ ಅಂತ ನಾಲ್ಕು ಪದ ಸೇರಿಸಿದ್ದರೆ ಹುಡುಗ ಹೂಜಿಯನ್ನ ಸ್ಟಿಕ್ಕರ್ ಥರ ಮೇಲೆ ಅಂಟಿಸುತ್ತಿರಲಿಲ್ಲ.

ಇನ್ನು ಬಳ್ಳಿ. ನೀವು ಫೋನಿನಲ್ಲಿ ಹೇಳಿದ ಪ್ರಕಾರ ಅದು ಸ್ಪಾಟ್ ಯುವಿ. ಹಾಗಿದ್ದ ಮೇಲೆ ‘ಉಬ್ಬಿ’ ಯಾಕೆ ಬರೆದಿರಿ? ಮಾಮೂಲಿ ಸ್ಪಾಟ್ ಯುವಿ ಅಂದರೆ ಬಣ್ಣವಿಲ್ಲದ ವಾರ್ನಿಶ್, ಬೇಕಾದ ಜಾಗಕ್ಕೆ ಮಾತ್ರ ಹಾಕಿ ಯುವಿ ದೀಪದ ಕೆಳಗೆ ಗಟ್ಟಿ ಮಾಡಿದ್ದು. ಅದಕ್ಕೆ ಕಣ್ಣಿಗೆ ಕಾಣುವಷ್ಟು ಎತ್ತರ ಇರಲ್ಲ. ಎತ್ತರ ಬೇಕಿದ್ದರೆ ರೈಸ್ಡ್ ಯುವಿ ಅಂತ ಬೇರೆ ಇದೆ, ಅದರ ರೇಟೂ ಬೇರೆ. ನೀವು ಉಬ್ಬಿ ಅಂದದ್ದಕ್ಕೆ ಅವನು ಬಳ್ಳಿಗೆ ದಪ್ಪ ಕೊಟ್ಟ, ಹೊಳೆಯುವ ಅಂದದ್ದಕ್ಕೆ ಇಡೀ ಬಳ್ಳಿಗೆ ಬಿಳಿ ಮಿಂಚು ಕೊಟ್ಟ, ಪ್ಲಾಸ್ಟಿಕ್ ಬಂತು.

ಸ್ಪಾಟ್ ಯುವಿ ಹೇಗಿರುತ್ತೆ ಅಂತ ಹೇಳಕ್ಕೆ ನಮ್ಮ ಕಡೆ ಬೇರೆ ಉಪಮೆ ಹುಡುಕೋದೇ ಬೇಡ. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಒಂದು ಚೊಂಬು ನೀರು ಚೆಲ್ಲಿ. ಒಣ ಕಲ್ಲು ಮಂಕಾಗಿ, ಮಾಸಲಾಗಿ ಕಾಣುತ್ತೆ. ನೀರು ಬಿದ್ದಷ್ಟು ಜಾಗ ಅದೇ ಕಲ್ಲು, ಅದೇ ಬಣ್ಣ, ಆದರೆ ಗಾಢ. ಆಕಾಶ ಬಿದ್ದ ಕಡೆ ಮಾತ್ರ ಬೆಳಗುತ್ತೆ. ಮ್ಯಾಟ್ ಲ್ಯಾಮಿನೇಷನ್ ಆದ ಕಪ್ಪು ಕಾರ್ಡಿನ ಮೇಲೂ ಹೀಗೇ. ಮ್ಯಾಟ್ ಮೈ ಬೆಳಕನ್ನ ಎಲ್ಲಾ ಕಡೆ ಚೆದುರಿಸೋದರಿಂದ ಕಪ್ಪು ಸ್ವಲ್ಪ ಬೂದಾಗಿ ಕಾಣುತ್ತೆ, ಯುವಿ ಬಿದ್ದ ಕಡೆ ಕಪ್ಪು ಇನ್ನೂ ಕಪ್ಪಾಗುತ್ತೆ. ಅದಕ್ಕೇ ನಾನು ‘ಒದ್ದೆಯಾದ ಹಾಗೆ’ ಅಂತ ಬರೆಯುತ್ತೇನೆ. ‘ಹೊಳೆಯುವ’ ಅನ್ನಲ್ಲ. ಬಳ್ಳಿಯ ಅರ್ಧ ಭಾಗ ಕಾಣದೇ ಹೋಗಬೇಕು, ಬೆಳಕು ಬಿದ್ದ ಪಟ್ಟಿಯಲ್ಲಿ ಮಾತ್ರ ಎದ್ದು ಕಾಣಬೇಕು. ಎಲ್ಲಾ ಎಲೆಯೂ ಒಂದೇ ಸಮ ಕಂಡರೆ ಅದು ಬೂದು ಇಂಕಿನಲ್ಲಿ ಅಚ್ಚು ಹಾಕಿದ ಹಾಗಾಗುತ್ತೆ, ಚಿತ್ರ ಸುಳ್ಳು ಅಂತ ಪ್ರೆಸ್ಸಿನವರು ಒಂದೇ ನೋಟಕ್ಕೆ ಹೇಳ್ತಾರೆ. ಅಂದ ಹಾಗೆ, ಮೈ ಮ್ಯಾಟ್ ಅಂತ ನೀವು ಎಲ್ಲೂ ಬರೆದಿಲ್ಲ. ಗ್ಲಾಸಿ, ಅಂದರೆ ಮೊದಲೇ ಮಿಂಚುವ ಮೈ ಮೇಲೆ ಸ್ಪಾಟ್ ಯುವಿ ಹಾಕಿದರೆ ಹಾಕಿದ್ದೂ ಗೊತ್ತಾಗಲ್ಲ, ದುಡ್ಡು ದಂಡ.

ಎಂಬಾಸ್ ಹೆಸರಿನದ್ದೇ ಕಷ್ಟದ ಭಾಗ. ಫಾಯಿಲ್ ಇಲ್ಲ, ಇಂಕಿಲ್ಲ, ಬರೀ ಉಬ್ಬು. ನೋಟರಿ ಸೀಲು ಒತ್ತಿದ ಕಾಗದ ನೋಡಿದ್ದೀರಲ್ಲ, ನೇರ ಹಿಡಿದರೆ ಓದಕ್ಕಾಗಲ್ಲ, ಕಿಟಕಿ ಕಡೆ ಓರೆ ಮಾಡಿದರೆ ಅಕ್ಷರ ಎದ್ದು ನಿಲ್ಲುತ್ತೆ. ಅದು ನೆರಳಿನ ಆಟ. ಬಿಳಿ ಕಾಗದದಲ್ಲಾದರೆ ‘ಬಲಗಡೆ ತೆಳು ನೆರಳು’ ಅಂತ ಬರೆದರೆ ಸಾಕಿತ್ತು. ನಿಮ್ಮ ಕಾರ್ಡು ಕಪ್ಪು, ಕಪ್ಪಿನ ಮೇಲೆ ನೆರಳು ಕಾಣೋದು ಕಷ್ಟ. ಇಲ್ಲಿ ಕೆಲಸ ಮಾಡೋದು ಬೆಳಕು ತಾಗಿದ ಅಂಚು ಒಂದೇ. ಹಾಗಾಗಿ ‘ಪ್ರತಿ ಅಕ್ಷರದ ಎಡ ಅಂಚಿನಲ್ಲಿ ತೆಳು ಬೂದು ಗೆರೆ, ಅಕ್ಷರದ ತಲೆ ಸುತ್ತಲಿನಷ್ಟೇ ಮಂಕು’ ಅಂತ ಬರೆಯಿರಿ. ಬರೀ ಎಂಬಾಸ್‌ಗೆ ತನ್ನದು ಅಂತ ಹೊಳಪಿಲ್ಲ. ‘ಎಂಬಾಸ್ ಆಗಿ ಹೊಳೆಯುವ’ ಅಂದರೆ ಮೇಲೆ ಫಾಯಿಲ್ ಇದೆ ಅಂತಲೇ ಓದುವವರು ತಿಳಿಯೋದು, ಪ್ರೆಸ್ಸು ಬಿಲ್ಲನ್ನೂ ಹಾಗೇ ಹಾಕುತ್ತೆ.

ಈಗ ಒಂದು ಗಂಟು ಬಿಡಿಸಬೇಕು, ಇದನ್ನ ನಾನು ತಡವಾಗಿ ಕಲಿತೆ. ಉಬ್ಬು ಕಾಣಬೇಕಾದರೆ ಬೆಳಕು ಪಕ್ಕದಿಂದ, ಮುಚ್ಚಳಕ್ಕೆ ತೀರಾ ತಗ್ಗಾಗಿ ಬರಬೇಕು, ಸಂಜೆ ಬಿಸಿಲು ಹೊಲದ ಸಾಲಿನ ಮೇಲೆ ಬಿದ್ದ ಹಾಗೆ. ಆದರೆ ಆ ಬೆಳಕು ಫಾಯಿಲ್ಲಿಗೆ ಬಡಿದು ಇನ್ನೊಂದು ಪಕ್ಕಕ್ಕೆ ಹಾರಿ ಹೋಗುತ್ತೆ, ನೋಡುವ ಕಣ್ಣಿಗೆ ಬರಲ್ಲ, ಹೂಜಿ ಕಪ್ಪಾಗುತ್ತೆ. ಫಾಯಿಲ್ಲಿಗೂ ಯುವಿಗೂ ಬೇಕಾದ್ದು ನೋಡುವವರ ಎದುರು ಬದಿಯಲ್ಲಿ ನಿಂತ ಅಗಲವಾದ ಬಿಳುಪು, ಒಂದು ಕಿಟಕಿಯೋ ಬಿಳಿ ಹಲಗೆಯೋ. ಫೋಟೋ ತೆಗೆಯುವವರು ಪೆಟ್ಟಿಗೆಯ ಹಿಂದೆ ಬಿಳಿ ರಟ್ಟು ಹಿಡಿಯೋದು ಇದಕ್ಕೇ. ಹಾಗಾಗಿ ಒಂದೇ ಬೆಳಕು ಮೂರಕ್ಕೂ ಸಾಲಲ್ಲ. ಎರಡೂ ಬರೆಯಬೇಕು, ಅದೂ ವಸ್ತುವಿಗಿಂತ ಮೊದಲೇ ಬರೆಯಬೇಕು.

ನಾನಾಗಿದ್ದರೆ ನಿಮ್ಮ ಸಾಲನ್ನ ಹೀಗೆ ಬರೆಯುತ್ತಿದ್ದೆ:

‘ಪೆಟ್ಟಿಗೆಯನ್ನ ಮುಂದಿನಿಂದ, ಸ್ವಲ್ಪ ಮೇಲಿನಿಂದ ನೋಡುತ್ತಿದ್ದೇವೆ. ಹಿಂದುಗಡೆ ಅಗಲವಾದ ಬಿಳಿ ಕಿಟಕಿ. ಎಡಕ್ಕೆ ತಗ್ಗಿನಲ್ಲಿ ಇನ್ನೊಂದು ಸಣ್ಣ ದೀಪ. ಮುಚ್ಚಳ ಮ್ಯಾಟ್ ಕಪ್ಪು, ಸ್ಲೇಟಿನ ಹಾಗೆ. ನಡುವೆ ಬೆಳ್ಳಿ ಫಾಯಿಲ್ಲಿನ ಹೂಜಿ, ಕಾರ್ಡಿನ ಮಟ್ಟದಲ್ಲೇ ಕೂರಿಸಿದ್ದು. ಕಿಟಕಿ ಬಿದ್ದ ಮೇಲ್ಭಾಗ ಅಚ್ಚ ಬಿಳಿ, ಕೆಳಗೆ ಬಂದ ಹಾಗೆ ಬೂದು, ಬುಡದಲ್ಲಿ ಹೆಚ್ಚೂಕಡಿಮೆ ಕಪ್ಪು, ಅಂಚು ಚೂಪು. ಸುತ್ತ ಸ್ಪಾಟ್ ಯುವಿ ಬಳ್ಳಿ, ಎತ್ತರವಿಲ್ಲ, ಕಪ್ಪು ಒದ್ದೆಯಾದ ಹಾಗೆ. ಕಿಟಕಿ ಬಿದ್ದ ಪಟ್ಟಿಯಲ್ಲಿ ಎಲೆಗಳು ಸ್ಪಷ್ಟ, ಉಳಿದ ಕಡೆ ಹುಡುಕಿದರೆ ಮಾತ್ರ ಕಾಣುತ್ತವೆ. ಕೆಳಗೆ ಹೆಸರು ಬರೀ ಎಂಬಾಸ್, ಫಾಯಿಲ್ ಇಲ್ಲ. ಅಕ್ಷರಗಳ ಎಡ ಅಂಚಿಗೆ ತೆಳು ಬೂದು ಗೆರೆ.’

ಉದ್ದ ಆಯ್ತು, ಹೌದು. ಆದರೆ ಇದರಲ್ಲಿ ‘ಹೊಳೆಯುವ’ ಒಂದೂ ಇಲ್ಲ, ಎಣಿಸಿ ನೋಡಿ.

ಕನ್ನಡದಲ್ಲಿ ಹೊಳಪಿಗೆ ಪದದ ಬರ ಇಲ್ಲ ಅನ್ನೋದೂ ನೆನಪಿರಲಿ. ನನಗೆ ಥಳಥಳ ಅಂದರೆ ಲೋಹ, ಕಲಾಯಿ ಹಾಕಿದ ಪಾತ್ರೆ. ಮಿಣುಕು ಅಂದರೆ ಚುಕ್ಕೆ ಚುಕ್ಕೆಯಾಗಿ ಬಂದು ಹೋಗೋದು, ಅದನ್ನ ಹರಳು ಹರಳಾದ ಗ್ಲಿಟರ್ ಫಾಯಿಲ್ಲಿಗೆ ಇಟ್ಟುಕೊಳ್ಳಿ. ನುಣುಪು ಬೆರಳಿನ ಮಾತು, ಯುವಿಗೆ ಒಪ್ಪುತ್ತೆ. ಓದುಗರಿಗೆ ಬರೆಯುವಾಗ ಇವನ್ನ ಧಾರಾಳವಾಗಿ ಬಳಸಿ. ಚಿತ್ರ ಮಾಡುವವನಿಗೆ ಬರೆಯುವಾಗ ಮಾತ್ರ ಬೆಳಕು, ಎತ್ತರ, ಅಂಚು ಇವನ್ನ ಬಿಡಬೇಡಿ.

ಕೊನೆಗೊಂದು ತಕರಾರು. ವಿವರಣೆಯ ಇನ್ನೊಂದು ಸಾಲಿನಲ್ಲಿ ಹೂಜಿ ಚಿತ್ರದ ಒಳಗೆ ‘ಕೂದಲೆಳೆಯಷ್ಟು ಸಣ್ಣ ಬೆಳ್ಳಿ ಹೂಬಳ್ಳಿ’ ಅಂತ ಬೇರೆ ಸೇರಿಸಿದ್ದೀರಿ. ಬಿದರಿ ಕೈಗೆ ಅದು ಸಾಧ್ಯ, ಫಾಯಿಲ್ ಡೈಗೆ ಸಾಧ್ಯವಿಲ್ಲ. ಗೆರೆ ಸುಮಾರು 0.3 ಮಿ.ಮೀ.ಗಿಂತ ಸಣ್ಣದಾದರೆ ಫಾಯಿಲ್ ತುಂಡು ತುಂಡಾಗಿ ಕೂರುತ್ತೆ, ಗೆರೆಗಳ ನಡುವಿನ ಸಂದು ಅಷ್ಟೇ ಸಣ್ಣದಾದರೆ ಫಾಯಿಲ್ ತುಂಬಿಕೊಂಡು ಹೂವು ಹೋಗಿ ಬೆಳ್ಳಿ ಕಲೆ ಉಳಿಯುತ್ತೆ. ಚಿತ್ರದಲ್ಲಿ ಚಂದ ಕಾಣುತ್ತೆ, ಗಿರಾಕಿ ಒಪ್ಪಿಬಿಡ್ತಾರೆ, ಆಮೇಲೆ ಪ್ರೆಸ್ಸಿನಲ್ಲಿ ಆಗಲ್ಲ ಅಂದಾಗ ಬೈಸಿಕೊಳ್ಳೋದು ನೀವು. ಒಂದೋ ಈ ಬೆಳ್ಳಿ ಬಳ್ಳಿಯನ್ನ ದಪ್ಪ ಮಾಡಿ ಎಲೆ ಕಡಿಮೆ ಮಾಡಿ, ಇಲ್ಲಾ ಹೂಜಿ ದೊಡ್ಡದು ಮಾಡಿ. ಯಾವುದು ಅಂತ ತೀರ್ಮಾನಿಸಿ ಆ ಸಾಲು ತಿದ್ದಿ. ಜೊತೆಗೆ ಹಳೇ ಚಿತ್ರ, ಹೊಸ ವಿವರಣೆಯಿಂದ ಹುಡುಗ ಮಾಡಿದ ಚಿತ್ರ ಎರಡನ್ನೂ ಕಳಿಸಿ. ಎರಡೂ ಪಕ್ಕಪಕ್ಕ ಇದ್ದರೆ ಹಾಕ್ತೀನಿ.