ಮೊಡವೆ ಹೋಗಲಿ, ಚರ್ಮ ಹಾಗೇ ಇರಲಿ

ಪ್ರಶ್ನೆ: ಫೋಟೋಶಾಪ್‌ನಲ್ಲಿ ಮೊಡವೆ ತೆಗೆದರೆ ಆ ಜಾಗ ಪ್ಲಾಸ್ಟಿಕ್ ತರ ನುಣ್ಣಗಾಗುತ್ತೆ. ಏನು ಮಾಡಲಿ?

ಬ್ಲರ್ ಬೇಡ. ಅದು ಮೊಡವೆ ಜೊತೆ ಚರ್ಮದ ಸಣ್ಣ ರಂಧ್ರಗಳನ್ನೂ ಅಳಿಸಿಬಿಡುತ್ತದೆ. ಮೇಲೊಂದು ಖಾಲಿ ಲೇಯರ್ ಹಾಕಿ, Healing Brush ತಗೊಂಡು, Sample ಅನ್ನು Current & Below ಮಾಡಿ. ಬ್ರಷ್ ಮೊಡವೆಗಿಂತ ಚೂರು ದೊಡ್ಡದಿದ್ದರೆ ಸಾಕು. ಅಂಚು ತೀರಾ ಮೃದುವಾಗಿದ್ದರೆ ಸುತ್ತ ಮಸುಕು ಉಂಗುರ ಉಳಿಯುತ್ತದೆ.

ಸ್ಯಾಂಪಲ್ ಎಲ್ಲಿಂದ ತಗೋತೀರಿ ಅನ್ನೋದರಲ್ಲೇ ಎಲ್ಲ ಇದೆ. ಈ ಬ್ರಷ್ ಬಣ್ಣ, ಬೆಳಕನ್ನು ಸುತ್ತಲಿನ ಚರ್ಮಕ್ಕೆ ಹೊಂದಿಸುತ್ತದೆ. ಟೆಕ್ಸ್ಚರ್ ಮಾತ್ರ ನೀವು ತೋರಿಸಿದ ಜಾಗದಿಂದಲೇ ಬರುತ್ತದೆ. ಕೆನ್ನೆಯ ಮೊಡವೆಗೆ ಹಣೆಯ ಚರ್ಮ ತಂದರೆ ರಂಧ್ರಗಳು ಹೊಂದಲ್ಲ, ತೇಪೆ ಹಚ್ಚಿದ್ದು ಗೊತ್ತಾಗುತ್ತದೆ. ಮೊಡವೆಯ ಪಕ್ಕದಲ್ಲೇ, ಬೆಳಕು ಅದೇ ದಿಕ್ಕಿನಿಂದ ಬಿದ್ದಿರುವ ಕಡೆ Alt ಒತ್ತಿ ಕ್ಲಿಕ್ ಮಾಡಿ. ಪ್ರತಿ ಮೊಡವೆಗೂ ಹೊಸದಾಗಿ ಸ್ಯಾಂಪಲ್ ತಗೊಳ್ಳಿ. ಇಲ್ಲದಿದ್ದರೆ ಒಂದೇ ಚುಕ್ಕೆ ಅಲ್ಲಲ್ಲಿ ಮತ್ತೆ ಕಾಣಿಸುತ್ತದೆ.

ಉಬ್ಬು ಇಲ್ಲದೆ ಬರೀ ಕೆಂಪು ಕಲೆ ಇದ್ದರೆ ಹೀಲ್ ಮಾಡಲೇಬೇಡಿ. ಹೊಸ ಲೇಯರಿನ ಮೋಡ್ ಅನ್ನು Color ಮಾಡಿ, ಪಕ್ಕದ ಚರ್ಮದ ಬಣ್ಣವನ್ನು ತೆಳುವಾಗಿ ಬಳಿಯಿರಿ. ಬಣ್ಣ ಬದಲಾಗುತ್ತದೆ, ರಂಧ್ರ ಹಾಗೇ ಇರುತ್ತದೆ.

ಮಚ್ಚೆ ಮುಟ್ಟಬೇಡಿ, ಅದು ಆ ಮುಖದ ಗುರುತು ಅಲ್ವಾ? ಕೊನೆಗೆ 100% ಝೂಮ್‌ನಲ್ಲಿ ಲೇಯರ್ ಆನ್, ಆಫ್ ಮಾಡಿ ನೋಡಿ.