ಕೊನೆಯ ಶತ್ರುವಿನ ಹೆಸರು ಶೀರ್ಷಿಕೆಯಲ್ಲೇ ಕೂತಿದ್ದರೆ

ಪ್ರಶ್ನೆ: ಸರ್, ನಾನು ಮುಳ್ಳೇರಿಯದವನು. ಹಾಫ್-ಲೈಫ್ ಆಟದ ಎಲ್ಲ ಅಧ್ಯಾಯಗಳನ್ನೂ ಆಡಿ, ಕನ್ನಡದಲ್ಲಿ ವಿವರಿಸಿ ಯೂಟ್ಯೂಬ್‌ಗೆ ಹಾಕಿದ್ದೇನೆ. ಆರನೇ ವಿಡಿಯೋ ನೋಡುತ್ತಿದ್ದ ಒಬ್ಬರು ‘ಕೊನೆಯಲ್ಲಿ ಯಾರು ಬರುತ್ತಾನೆ ಅಂತ ಹೇಳಿ ಆಟ ಹಾಳು ಮಾಡಿದಿರಿ’ ಎಂದು ಬೈದರು. ಆ ವಿಡಿಯೋದಲ್ಲಿ ನಾನು ಅಂಥದ್ದೇನೂ ಹೇಳಿಲ್ಲ. ಇನ್ನೊಬ್ಬ ‘ರೈಲಿನ ಅಧ್ಯಾಯ ನನ್ನ ಆಟದಲ್ಲಿ ಇಷ್ಟು ಉದ್ದ ಇಲ್ಲವೇ ಇಲ್ಲ’ ಎನ್ನುತ್ತಾನೆ. ಶೀರ್ಷಿಕೆ ಮತ್ತು ವಿವರಣೆಯನ್ನು ಹೇಗೆ ಬರೆದರೆ ಈ ತಕರಾರು ತಪ್ಪುತ್ತದೆ?

ಉತ್ತರ: ಎರಡನೆಯ ತಕರಾರು ಸುಲಭದ್ದು, ಅದನ್ನು ಮೊದಲು ನೋಡೋಣ. ಆ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನು ಆಡುತ್ತಿರುವುದು ಬಹುಶಃ ಹಾಫ್-ಲೈಫ್ ಅಲ್ಲ, `Black Mesa`. 1998ರ ಹಾಫ್-ಲೈಫನ್ನೇ ಅಭಿಮಾನಿಗಳ ತಂಡವೊಂದು ಹೊಸದಾಗಿ ಕಟ್ಟಿದ ಆಟ ಅದು. 2012ರಲ್ಲಿ ಮಾಡ್ ಆಗಿ ಬಂತು, ಪೂರ್ಣ ಆವೃತ್ತಿ 2020ರಲ್ಲಿ. ಅಧ್ಯಾಯಗಳ ಹೆಸರು ಬಹುಪಾಲು ಅವೇ, ಆದರೆ ರೈಲಿನ ಅಧ್ಯಾಯ `On A Rail` ಅನ್ನು ಅವರು ಚೆನ್ನಾಗಿ ಕತ್ತರಿಸಿದ್ದಾರೆ. ಕೊನೆಯ ಅಧ್ಯಾಯಗಳನ್ನಂತೂ ಬೇರೆಯೇ ಆಟ ಅನ್ನಿಸುವಷ್ಟು ಬೆಳೆಸಿದ್ದಾರೆ. ಗೊಂದಲಕ್ಕೆ ಇನ್ನೊಂದು ಕಾರಣ, ಮೂಲ ಆಟದ ಕಥೆ ನಡೆಯುವ ಸಂಶೋಧನಾ ಕೇಂದ್ರದ ಹೆಸರೂ ಬ್ಲ್ಯಾಕ್ ಮೆಸಾ, ಮೊದಲ ಅಧ್ಯಾಯದ ಹೆಸರೂ `Black Mesa Inbound`. ಯಾವುದನ್ನು ಹುಡುಕಿದರೂ ಎರಡೂ ಆಟದ ವಿಡಿಯೋ ಕಲೆಸಿ ಬರುತ್ತವೆ.

ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮೂರಿನ ಬೋರ್ಡಿನ ಬಸ್ಸು ಕಂಡರೆ ನಾವು ಹತ್ತುವ ಮೊದಲು ಕೇಳುವುದೇನು? ಬದಿಯಡ್ಕ ಮೇಲೆಯಾ, ಬೋವಿಕ್ಕಾನ ಮೇಲೆಯಾ ಎಂದಲ್ಲವೇ? ಎರಡೂ ಮುಳ್ಳೇರಿಯಕ್ಕೇ ಹೋಗುತ್ತವೆ, ಆದರೆ ನಡುವೆ ಇಳಿಯುವವನಿಗೆ ಅದೇ ಮುಖ್ಯ. ‘ಹಾಫ್ ಲೈಫ್ ಭಾಗ 8’ ಎಂಬುದು ದಾರಿ ಬರೆಯದ ಬೋರ್ಡು. ಶೀರ್ಷಿಕೆಯಲ್ಲಿ ಆಟದ ಹೆಸರಿನ ಪಕ್ಕ 1998 ಎಂದು ಹಾಕಿ, ವಿವರಣೆಯಲ್ಲಿ ‘ಇದು `Black Mesa` ಅಲ್ಲ’ ಎಂದು ಒಂದು ಮಾತು ಬರೆದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಹಾಗೆಂದು 1998 ಎಂದು ಬರೆದರೆ ಆವೃತ್ತಿ ಹೇಳಿದಂತಾಗಲಿಲ್ಲ. 2023ರ ನವೆಂಬರ್‌ನಲ್ಲಿ ಆಟಕ್ಕೆ 25 ವರ್ಷ ತುಂಬಿದಾಗ ಸ್ಟೀಮ್‌ನಲ್ಲಿ ದೊಡ್ಡ ಅಪ್‌ಡೇಟ್ ಬಂತು. ಆಗ ನಾನು ಇದೇ ಆಟದ ಸರಣಿಯ ನಡುವಿನಲ್ಲಿದ್ದೆ. ರಾತ್ರಿ ಆಟ ತಾನಾಗಿಯೇ ಅಪ್‌ಡೇಟ್ ಆಗಿತ್ತು, ನಾನು ಗಮನಿಸದೆ ಮರುದಿನ ರೆಕಾರ್ಡ್ ಮಾಡಿದೆ. ಒಂಬತ್ತನೇ ಭಾಗದವರೆಗೆ ಒಂದು ಮೆನು, ಹತ್ತರಿಂದ ಇನ್ನೊಂದು ಮೆನು, ಏಕೆಂದರೆ ಹೊಸ ಅಪ್‌ಡೇಟಿನಲ್ಲಿ 1998ರ ಹಳೆಯ ಮೆನುವಿನ ರೂಪವನ್ನೇ ಮರಳಿ ತಂದಿದ್ದರು. ಆಟದ ದಾರಿ ಬದಲಾಗಿರಲಿಲ್ಲ, ಆದರೂ ‘ನೀವು ಯಾವುದೋ ಮಾಡ್ ಹಾಕಿದ್ದೀರಿ’ ಎಂಬ ಮಾತು ವಾರಗಟ್ಟಲೆ ಕೇಳಿಸಿಕೊಂಡೆ. ಪ್ಲೇಲಿಸ್ಟಿನ ವಿವರಣೆಯಲ್ಲಿ ಮಾತ್ರ ಆವೃತ್ತಿ ಬರೆದಿದ್ದೆ, ಅದನ್ನು ಓದುವವರು ಯಾರು? ಹಾಗಾಗಿ ಆವೃತ್ತಿಯ ಸಾಲು ಪ್ರತಿ ವಿಡಿಯೋದ ಕೆಳಗೂ ಇರಲಿ, ರೆಕಾರ್ಡ್ ಮಾಡಿದ ದಿನವೇ ಬರೆದಿಟ್ಟುಕೊಳ್ಳಿ.

ನೀವು ಆಡಿದ್ದು ಯಾವುದು ಎಂದು ಖಾತ್ರಿಯಿಲ್ಲದಿದ್ದರೆ ಸ್ಟೀಮ್ ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, `Properties` ಒಳಗೆ `Betas` ನೋಡಿ. ಅಲ್ಲಿ `steam_legacy` ಆಯ್ದಿದ್ದರೆ ಅಪ್‌ಡೇಟಿಗೆ ಮೊದಲಿನ ಆಟ, ಏನೂ ಆಯ್ದಿಲ್ಲದಿದ್ದರೆ ಹೊಸದು. ಇನ್ನೂ ಖಚಿತವಾಗಿ ಬೇಕಿದ್ದರೆ ಲಾಂಚ್ ಆಪ್ಷನ್‌ನಲ್ಲಿ `-console` ಕೊಟ್ಟು ಆಟ ತೆರೆದು, ಕನ್ಸೋಲಿನಲ್ಲಿ ಹೀಗೆ ಟೈಪ್ ಮಾಡಿ:

```
version
```

ಬರುವ ಸಾಲಿನಲ್ಲಿ ಬಿಲ್ಡ್ ಸಂಖ್ಯೆ ಇರುತ್ತದೆ. ಅದನ್ನು ಹಾಗೇ ವಿವರಣೆಗೆ ಹಾಕಿದರೆ ವಾದಕ್ಕೆ ಎಡೆಯೇ ಇಲ್ಲ.

ಇನ್ನು ಮೊದಲ ತಕರಾರು. ಆಟವನ್ನು ಇನ್ನೂ ಮುಗಿಸದವರು ದಯವಿಟ್ಟು ಈ ಪ್ಯಾರಾ ಮತ್ತು ಮುಂದಿನದು ಎರಡನ್ನೂ ದಾಟಿ ಓದಿ. ಆರನೇ ವಿಡಿಯೋದಲ್ಲಿ ನೀವು ಏನೂ ಹೇಳಿಲ್ಲ, ನಿಜ. ಹೇಳಿದ್ದು ನಿಮ್ಮ ಹದಿನೆಂಟನೇ ವಿಡಿಯೋದ ಶೀರ್ಷಿಕೆ. ಪ್ಲೇಲಿಸ್ಟಿನಲ್ಲಿ ಒಂದು ವಿಡಿಯೋ ನೋಡುವವನಿಗೆ ಉಳಿದವುಗಳ ಶೀರ್ಷಿಕೆಯೂ ಥಂಬ್‌ನೇಲೂ ಪಕ್ಕದಲ್ಲೋ ಕೆಳಗೋ ಸಾಲಾಗಿ ಕಾಣುತ್ತವೆ. ಹಾಫ್-ಲೈಫಿನ ಹದಿನೆಂಟನೇ ಅಧ್ಯಾಯದ ಹೆಸರು `Nihilanth`, ಅದೇ ಕೊನೆಯ ಶತ್ರುವಿನ ಹೆಸರು. ಹದಿನಾರನೆಯದು `Gonarch's Lair`, ಅದರಲ್ಲೂ ಶತ್ರುವಿನ ಹೆಸರಿದೆ. ಹದಿನೈದನೆಯದು `Xen`, ಕಥೆ ಭೂಮಿ ಬಿಟ್ಟು ಎಲ್ಲಿಗೆ ಹೋಗುತ್ತದೆ ಎಂಬುದೇ ಅಲ್ಲಿರುವ ಗುಟ್ಟು. `Office Complex`, `Power Up`, `Surface Tension` ಇವೆಲ್ಲ ನಿರುಪದ್ರವಿಗಳು, ಎಲ್ಲಿ ಬೇಕಾದರೂ ಬರೆಯಿರಿ. ಹೆಸರೇ ಗುಟ್ಟಾಗಿರುವ ಅಧ್ಯಾಯದ ಶೀರ್ಷಿಕೆಯಲ್ಲಿ ‘ಸ್ಪಾಯ್ಲರ್ ಎಚ್ಚರಿಕೆ’ ಎಂದು ಬರೆದು ಪಕ್ಕದಲ್ಲೇ ಆ ಹೆಸರನ್ನೂ ಬರೆದರೆ ಪ್ರಯೋಜನವಿಲ್ಲ. ಎರಡನ್ನೂ ಕಣ್ಣು ಒಟ್ಟಿಗೇ ಓದಿರುತ್ತದೆ.

ಆದರೆ ಹೆಸರನ್ನು ಪೂರ್ತಿ ಮುಚ್ಚಿಟ್ಟರೆ, ಅಲ್ಲೇ ಸಿಕ್ಕಿಹಾಕಿಕೊಂಡು ಅದೇ ಹೆಸರಿನಿಂದ ಹುಡುಕುವವನಿಗೆ ನಿಮ್ಮ ವಿಡಿಯೋ ಸಿಗುವುದಿಲ್ಲ. ಅಧ್ಯಾಯ ಶುರುವಾಗುವಾಗ ಪರದೆಯ ಮೇಲೆ ಹೆಸರು ಬಂದಿರುತ್ತದೆ, ಅವನಿಗೆ ಅದು ಗುಟ್ಟಲ್ಲ. ಹಾಗಾಗಿ 15ರಿಂದ 19ರವರೆಗೆ ಶೀರ್ಷಿಕೆಯಲ್ಲಿ ಅಧ್ಯಾಯದ ಸಂಖ್ಯೆ ಮಾತ್ರ ಇರಲಿ, ಹೆಸರು ವಿವರಣೆಯ ಕೆಳಭಾಗದಲ್ಲಿರಲಿ. ಹುಡುಕಾಟಕ್ಕೆ ವಿವರಣೆಯ ಪದಗಳೂ ನೆರವಾಗುತ್ತವೆ. ಶೀರ್ಷಿಕೆಯಲ್ಲಿದ್ದಷ್ಟು ಬಲ ಅಲ್ಲಿ ಇರುವುದಿಲ್ಲ, ಒಪ್ಪುತ್ತೇನೆ. ಐದು ವಿಡಿಯೋಗಳಲ್ಲಿ ಅಷ್ಟು ನಷ್ಟ ಸಹಿಸಬಹುದು ಎಂಬುದು ನನ್ನ ಲೆಕ್ಕ.

ಈಗ ನಿಮ್ಮ ಆರನೆಯದನ್ನೇ ಹಿಡಿದು ಬರೆದು ನೋಡೋಣ. `Blast Pit` ಅಧ್ಯಾಯದಲ್ಲಿ ರಾಕೆಟ್ ಎಂಜಿನ್ ಪರೀಕ್ಷಿಸುವ ಆಳವಾದ ಸೈಲೋ ಇದೆ. ಅದರೊಳಗಿಂದ ಕೊಕ್ಕಿನಂಥ ಮೂತಿಯ ಮೂರು ದೈತ್ಯ ಬಾಹುಗಳು ಎದ್ದು ನಿಂತಿರುತ್ತವೆ. ಗುಂಡಿಗೆ ಅವು ಸಾಯುವುದಿಲ್ಲ. ಕಣ್ಣು ಕಾಣದಿದ್ದರೂ ಸದ್ದು ಹಿಡಿದು ಕುಕ್ಕುತ್ತವೆ. ಹೊಸಬರು ಓಡಿ ಸಾಯುವುದು ಇಲ್ಲೇ. ಕುಕ್ಕರಿಸಿ ನಡೆಯಬೇಕು, ದೂರಕ್ಕೆ ಗ್ರೆನೇಡ್ ಎಸೆದು ಅವುಗಳ ಗಮನ ಆಚೆ ತಿರುಗಿಸಬೇಕು. ಅಲ್ಲಿಂದ ಹೋಗಿ ಇಂಧನ, ಆಮ್ಲಜನಕ, ವಿದ್ಯುತ್ ಮೂರನ್ನೂ ಚಾಲೂ ಮಾಡಿ, ಮೇಲಿನ ಕಂಟ್ರೋಲ್ ರೂಮಿಗೆ ಮರಳಿ ಎಂಜಿನ್ ಉರಿಸಬೇಕು. ಮುಂದಿನ ದಾರಿ ಸೈಲೋದ ತಳದಲ್ಲಿದೆ.

```
Half-Life (1998) Blast Pit ಕನ್ನಡ ವಾಕ್‌ಥ್ರೂ | ಭಾಗ 6
```

ಆಟದ ಹೆಸರು ಮತ್ತು ಅಧ್ಯಾಯದ ಹೆಸರು ಪರದೆಯಲ್ಲಿ ಕಾಣುವಂತೆಯೇ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡ ಪ್ರೇಮ ಕಡಿಮೆಯಾಗಿ ಹೇಳುತ್ತಿಲ್ಲ. ನಮ್ಮ ಹುಡುಗರು ಫೋನಿನಲ್ಲಿ ಹುಡುಕುವಾಗ ಪರದೆಯಲ್ಲಿ ಕಂಡದ್ದನ್ನೇ ಟೈಪ್ ಮಾಡುತ್ತಾರೆ. ಜೊತೆಗೆ ಜಾಗದ ಪ್ರಶ್ನೆ ಇದೆ. ಶೀರ್ಷಿಕೆಗೆ ಮಿತಿ 100 ಅಕ್ಷರ, ಫೋನಿನಲ್ಲಿ ಅಷ್ಟೂ ಕಾಣದೆ ಬಾಲ ತುಂಡಾಗುತ್ತದೆ. `Blast Pit` ಎಂಬುದು ನಡುವಿನ ಖಾಲಿ ಜಾಗ ಸೇರಿ 9. ‘ಬ್ಲಾಸ್ಟ್ ಪಿಟ್’ ಎಂದು ಬರೆದರೆ ಕಂಪ್ಯೂಟರು ಒತ್ತಕ್ಷರ, ಕಾಗುಣಿತ ಎಲ್ಲ ಬಿಡಿಸಿ ಎಣಿಸಿ 13 ಎನ್ನುತ್ತದೆ. ಭಾಗದ ಸಂಖ್ಯೆಯನ್ನು ಕೊನೆಗೆ ಹಾಕಿದ್ದೂ ಇದಕ್ಕೇ. ತುಂಡಾದರೆ ಅದೇ ತುಂಡಾಗಲಿ.

```
Blast Pit ಅಧ್ಯಾಯ ಮೊದಲಿಂದ ಕೊನೆವರೆಗೆ. ಮಾತು ಕನ್ನಡ, ನಡುನಡುವೆ ತುಳು.
ಸ್ಪಾಯ್ಲರ್: ಈ ಅಧ್ಯಾಯದ್ದು ಪೂರ್ತಿ ಇದೆ. ಮುಂದಿನ ಅಧ್ಯಾಯಗಳ ಮಾತಿಲ್ಲ.
ಆವೃತ್ತಿ: Half-Life, ಪಿಸಿ, Steam, 2023ರ ಅಪ್‌ಡೇಟ್ ನಂತರದ್ದು.
ಇದು Black Mesa ಅಲ್ಲ. ಮಾಡ್ ಇಲ್ಲ. ಕಷ್ಟದ ಮಟ್ಟ: Medium

0:00 ಅಧ್ಯಾಯದ ಆರಂಭ
3:10 ಸೈಲೋ: ಸತ್ತು ಸತ್ತು ಬೇಸತ್ತವರಿಗೆ
8:45 ಸೈಲೋದಿಂದ ಹೊರಟ ಮೊದಲ ದಾರಿ
15:20 ಎರಡನೇ ದಾರಿ
21:05 ಮತ್ತೆ ಕಂಟ್ರೋಲ್ ರೂಮಿಗೆ
23:30 ತಳಕ್ಕೆ ಇಳಿಯುವುದು
```

ಸಮಯವನ್ನು ನಿಮ್ಮ ವಿಡಿಯೋ ನೋಡಿ ಬದಲಿಸಿ. ಯೂಟ್ಯೂಬ್ ಇದನ್ನು ಚಾಪ್ಟರ್ ಎಂದು ಗುರುತಿಸಬೇಕಾದರೆ ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಸಾಲು ಏರುವ ಕ್ರಮದಲ್ಲಿರಬೇಕು, ಒಂದೊಂದು ತುಂಡೂ ಕನಿಷ್ಠ 10 ಸೆಕೆಂಡ್ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ವಿಡಿಯೋದ ಕೆಳಗಿನ ಪಟ್ಟಿ ತುಂಡುತುಂಡಾಗಿ ಕಾಣುವುದಿಲ್ಲ. ಪರೀಕ್ಷೆ ಅಷ್ಟೇ.

ಚಾಪ್ಟರಿನ ಸಾಲುಗಳಲ್ಲಿ ಗ್ರೆನೇಡ್ ಎಂದೋ ಎಂಜಿನ್ ಉರಿಸುವುದು ಎಂದೋ ನಾನು ಬರೆಯಲಿಲ್ಲ, ಗಮನಿಸಿದಿರಾ? ಅವು ಉತ್ತರಗಳು. ಸಿಕ್ಕಿಹಾಕಿಕೊಂಡವನಿಗೆ ಗೊತ್ತಿರುವುದು ತಾನು ಎಲ್ಲಿದ್ದೇನೆ, ಏನು ತೊಂದರೆ ಎಂಬುದಷ್ಟೇ. ಆ ಮಾತಿನಲ್ಲೇ ಸಾಲು ಬರೆದರೆ ತನಗೆ ಬೇಕಾದ ಜಾಗವನ್ನು ಅವನು ತಾನೇ ಹಿಡಿಯುತ್ತಾನೆ, ಮುಂದಿನದ್ದರ ಗುಟ್ಟೂ ಉಳಿಯುತ್ತದೆ. ಪಟ್ಟಿಯ ಮೇಲೆ ಬೆರಳಾಡಿಸುವಾಗ ಚಾಪ್ಟರಿನ ಹೆಸರು ತಾನಾಗಿಯೇ ಮೇಲೇಳುತ್ತದೆ, ಆದ್ದರಿಂದ ಅದನ್ನೂ ಶೀರ್ಷಿಕೆಯಷ್ಟೇ ಎಚ್ಚರದಿಂದ ಬರೆಯಬೇಕು.

ಎಚ್ಚರಿಕೆಯ ಸಾಲು ಎರಡನೆಯದಾಗಿಯೇ ಇರಲಿ, ಏಕೆಂದರೆ ವಿವರಣೆಯನ್ನು ಪೂರ್ತಿ ತೆರೆಯದಿದ್ದರೆ ಹೆಚ್ಚೆಂದರೆ ಮೊದಲ ಸಾಲುಗಳಷ್ಟೇ ಕಾಣುವುದು. ‘ಸ್ಪಾಯ್ಲರ್ ಇದೆ’ ಎಂದಷ್ಟೇ ಬರೆಯಬೇಡಿ, ಎಲ್ಲಿಯವರೆಗೆ ಎಂದು ಬರೆಯಿರಿ. ಐದನೇ ಅಧ್ಯಾಯ ಮುಗಿಸಿದವನು ಇದನ್ನು ಧೈರ್ಯವಾಗಿ ನೋಡಬಹುದೇ ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರ ಸಿಗಬೇಕು. ಕೆಲವರು ಎದ್ದು ಕಾಣಲೆಂದು ಈ ಪದವನ್ನು `<` ಮತ್ತು `>` ಚಿಹ್ನೆಗಳ ನಡುವೆ ಹಾಕುತ್ತಾರೆ. ಯೂಟ್ಯೂಬ್ ಶೀರ್ಷಿಕೆ, ವಿವರಣೆ ಎರಡರಲ್ಲೂ ಆ ಚಿಹ್ನೆಗಳನ್ನು ಒಪ್ಪುವುದಿಲ್ಲ.

ವಿವರಣೆಗೆ 5000ದ ಮಿತಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಯೂಟ್ಯೂಬ್ ಡೆವಲಪರ್‌ಗಳಿಗೆ ಕೊಟ್ಟ ದಾಖಲೆಯಲ್ಲಿ ಅದು ಅಕ್ಷರವಲ್ಲ, ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಆದ್ದರಿಂದ 1500 ಚಿಹ್ನೆಯೊಳಗೆ ಮುಗಿಸಿದರೆ ತೊಂದರೆಯಿಲ್ಲ, ಅದು ಧಾರಾಳ ಸಾಕು.

ನಿಮ್ಮ ನೋಡುಗರಲ್ಲಿ ಮಲಯಾಳ ಓದುವವರೂ ಇದ್ದೇ ಇರುತ್ತಾರೆ. ಅವರಿಗಾಗಿ ಒಂದೇ ಶೀರ್ಷಿಕೆಗೆ ಎರಡು ಲಿಪಿ ತುರುಕಬೇಡಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಅದೇ ವಿಡಿಯೋಗೆ ಇನ್ನೊಂದು ಭಾಷೆ ಸೇರಿಸಿ, ಆ ಭಾಷೆಯಲ್ಲಿ ಶೀರ್ಷಿಕೆ ಮತ್ತು ವಿವರಣೆ ಬೇರೆಯಾಗಿ ಕೊಡಬಹುದು. ಮಾತು ಕನ್ನಡದ್ದು ಎಂಬುದನ್ನು ಮಾತ್ರ ಅಲ್ಲಿಯೂ ಬರೆಯಿರಿ.

ಹಳೆಯ ವಿಡಿಯೋಗಳನ್ನು ಅಳಿಸಿ ಮತ್ತೆ ಹಾಕುವ ಕೆಲಸ ಬೇಡ. ಶೀರ್ಷಿಕೆ ಬದಲಿಸಿದರೆ ಲಿಂಕೂ ನೋಡಿದವರ ಎಣಿಕೆಯೂ ಹಾಗೇ ಉಳಿಯುತ್ತವೆ. ಇವತ್ತು ಸಂಜೆ ಕೂತರೆ ಮೊದಲು 15ರಿಂದ 19ರವರೆಗಿನ ಐದನ್ನು ಸರಿಮಾಡಿ. ಹದಿನೆಂಟರ ಥಂಬ್‌ನೇಲಿನಲ್ಲಿ ಆ ದೊಡ್ಡ ತಲೆಯ ಚಿತ್ರ ಹಾಕಿದ್ದರೆ ಅದನ್ನೂ ತೆಗೆಯಿರಿ.